ಅಮ್ಮನ ಎಪ್ಪತ್ತಕ್ಕೊಂದು ಮೆಸೇಜು

"ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು ಅಮ್ಮ. ದೇವರು ನಿಮಗೆ ಆಯುರಾರೋಗ್ಯ, ಸುಖ, ಶಾಂತಿ, ನೆಮ್ಮದಿ ಕೊಟ್ಟು ಕಾಪಾಡಲಿ."

ಇದು ನಮ್ಮಲ್ಲಿ ಎಲ್ಲರ ಫೋನಿನಲ್ಲೂ ಇರುವ ಸಾಲು. "ಹುಟ್ಟು" ಅಂತ ಒತ್ತಿದರೆ ಸಾಕು, ಮುಂದಿನ ಶಬ್ದಗಳನ್ನು ಕೀಬೋರ್ಡೇ ತಂದು ಎದುರಿಗಿಡುತ್ತದೆ. ಈ ಸಾಲಿನಲ್ಲಿ ಕೆಟ್ಟದ್ದು ಏನೂ ಇಲ್ಲ. ಆದರೆ ಈ ವರ್ಷ ಅಮ್ಮನಿಗೆ ಎಪ್ಪತ್ತು ತುಂಬುತ್ತಿತ್ತು. ಇದೊಂದನ್ನಾದರೂ ನಾನೇ ಬರೆಯಬೇಕು ಅನ್ನಿಸಿತು. ಆ ಎರಡು ವಾಕ್ಯವನ್ನು ಅಮ್ಮನಿಗೇ ಅಂತ ತಿರುಗಿ ಬರೆಯುವಾಗ ಏನೇನಾಯಿತು ಎಂಬುದನ್ನು ಇಲ್ಲಿ ಹೇಳುತ್ತೇನೆ. ಅಪ್ಪ ಅಮ್ಮನಿಗೆ ಏನಾದರೂ ಬರೆಯಬೇಕು ಅಂತ ಕೂತು, ಏನೂ ತೋಚದೆ ಎದ್ದವರು ತುಂಬಾ ಜನ ಇದ್ದೀರಿ ಅಂತ ಗೊತ್ತು.

ನಮ್ಮ ಮನೆ ಬಾರ್ಕೂರಿನ ಹತ್ತಿರ. ಅಮ್ಮ ಅಲ್ಲೇ ಇದ್ದಾಳೆ, ಪಕ್ಕದ ಓಣಿಯಲ್ಲಿ ಅಕ್ಕನ ಮನೆ. ನಾನು ಮಂಗಳೂರಿನಲ್ಲಿದ್ದೇನೆ, ಬೈಕಂಪಾಡಿಯಲ್ಲಿ ಕೆಲಸ.

ಮೊದಲು ಬಂದ ಪ್ರಶ್ನೆ ಯಾವ ದಿನ ಕಳಿಸುವುದು ಅಂತ. ಅಮ್ಮನ ಆಧಾರ್ ಕಾರ್ಡಿನಲ್ಲಿ ಜೂನ್ 1 ಅಂತ ಇದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಕು ಅದು. ಆ ಕಾಲದ ಎಷ್ಟೋ ಜನ ಜೂನ್ ಒಂದಕ್ಕೇ ಹುಟ್ಟಿದ್ದಾರೆ. ಪ್ರತಿ ವರ್ಷ ಆ ದಿನ ಅಮ್ಮನ ಫೋನಿಗೆ ಬ್ಯಾಂಕಿನಿಂದ ಒಂದು ಶುಭಾಶಯ ಬರುತ್ತದೆ. ಅಮ್ಮ ಹುಟ್ಟಿದ್ದು ಸೋಣೆ ತಿಂಗಳಲ್ಲಿ, ಕೃಷ್ಣಾಷ್ಟಮಿಯ ಮರುದಿನ. ಉಡುಪಿಯಲ್ಲಿ ವಿಟ್ಲಪಿಂಡಿ ನಡೆಯುವ ದಿನ. ರಥಬೀದಿಯಲ್ಲಿ ಮೊಸರು ಕುಡಿಕೆ ಒಡೆಯುವ ಹೊತ್ತಿಗೆ ಹುಟ್ಟಿದವಳು ಅಂತ ಅಜ್ಜಿ ಹೇಳುತ್ತಿದ್ದರು. ತಾರೀಕು ಪ್ರತಿ ವರ್ಷ ಹಿಂದೆಮುಂದೆ ಆಗುತ್ತದೆ. ಅಮ್ಮ ಅದಕ್ಕೆ ಪಂಚಾಂಗ ನೋಡುತ್ತಾಳೆ, ಕ್ಯಾಲೆಂಡರ್ ನೋಡುವುದಿಲ್ಲ. ಹಾಗಾಗಿ ವಿಟ್ಲಪಿಂಡಿಯ ಬೆಳಿಗ್ಗೆಯೇ ಕಳಿಸುವುದು ಅಂತ ಗಟ್ಟಿ ಮಾಡಿಕೊಂಡೆ. ಜೂನ್ ಒಂದರ ಬ್ಯಾಂಕಿನ ಮೆಸೇಜು ನನಗೆ ಒಂದು ಉಪಕಾರ ಮಾಡಿತು. ಅದನ್ನೂ ನನ್ನ ಎರಡು ವಾಕ್ಯವನ್ನೂ ಜೊತೆಗಿಟ್ಟು ಓದಿದೆ. "ಅಮ್ಮ" ಅನ್ನುವ ಒಂದು ಶಬ್ದ ಬೆರಳಲ್ಲಿ ಮುಚ್ಚಿದರೆ ಯಾವುದು ಬ್ಯಾಂಕಿನದ್ದು, ಯಾವುದು ಮಗನದ್ದು ಅಂತ ಹೇಳಲಿಕ್ಕೇ ಆಗುತ್ತಿರಲಿಲ್ಲ. ಆಮೇಲೆ ಏನು ಬರೆದರೂ ಇದೇ ಪರೀಕ್ಷೆ ಮಾಡಿದೆ. ಹೆಸರು ಮುಚ್ಚಿ ಓದುವುದು. ಪಕ್ಕದ ಮನೆಯ ಅಮ್ಮನಿಗೂ ಇದು ಸಲ್ಲುತ್ತದೆ ಅನ್ನಿಸಿದರೆ ಆ ಸಾಲು ತೆಗೆಯುವುದು.

ವಾಟ್ಸಾಪಿನಲ್ಲಿ ನಮಗೆ ನಾವೇ ಮೆಸೇಜು ಹಾಕಿಕೊಳ್ಳುವ ವ್ಯವಸ್ಥೆ ಇದೆಯಲ್ಲ, ಅಲ್ಲಿ ಬರೆಯಲಿಕ್ಕೆ ಶುರು ಮಾಡಿದೆ. ಅಮ್ಮನ ಚಾಟಿನಲ್ಲಿ ಬರೆದರೆ ಅರ್ಧದಲ್ಲಿ ಕೈತಪ್ಪಿ ಹೋಗುವ ಹೆದರಿಕೆ. ಅದೂ ಅಲ್ಲದೆ, ಅಕ್ಷರದ ಗಾತ್ರ ಬಿಟ್ಟರೆ ಅಮ್ಮನ ಫೋನಿನಲ್ಲಿ ಹೇಗೆ ಕಾಣುತ್ತದೋ ಹಾಗೆಯೇ ಇಲ್ಲೂ ಕಾಣುತ್ತದೆ.

ಮೊದಲು ಬಂದದ್ದು ಇದು: "ಅಮ್ಮ, ನಮಗಾಗಿ ನೀವು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ನಿಮ್ಮ ತ್ಯಾಗಕ್ಕೆ ಬೆಲೆ ಕಟ್ಟಲು ಸಾಧ್ಯವಿಲ್ಲ. ನಿಮ್ಮಂಥ ತಾಯಿಯನ್ನು ಪಡೆದ ನಾವೇ ಧನ್ಯರು."

ಬರೆಯುವಾಗ ಕಣ್ಣು ಒದ್ದೆ ಆಗಿತ್ತು. ಆದರೆ ಹೆಸರು ಮುಚ್ಚಿ ಓದಿದರೆ ಇದೂ ಯಾರ ಅಮ್ಮನಿಗೂ ಆಗುತ್ತದೆ. ಹಳೆಯ ಸಾಲಿಗಿಂತ ಉದ್ದ, ಅಷ್ಟೇ. ಭಾವನೆ ಜಾಸ್ತಿ ಹಾಕಿದರೆ ಸ್ವಂತದ್ದು ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಭಾವನೆ ನಮ್ಮದೇ ಇರಬಹುದು, ಶಬ್ದ ಮಾತ್ರ ಸಾವಿರ ಜನ ಬಳಸಿದ್ದು. ಓದುವವರಿಗೆ ಕಾಣುವುದು ಶಬ್ದ ಮಾತ್ರ, ಅಲ್ವಾ?

ಇದರಲ್ಲಿ ಇನ್ನೊಂದು ತೊಂದರೆಯೂ ಇತ್ತು. ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದಾಗ ಅವಳು ಹೇಳಿದ ಮೇಲೆ ನನಗೆ ಅದು ತಿಳಿಯಿತು. ನಾನು "ಕಷ್ಟ" ಅಂತ ಬರೆದದ್ದು ಬೀಡಿ ಕಟ್ಟಿದ ವರ್ಷಗಳನ್ನು ನೆನೆಸಿಕೊಂಡು. ನಮ್ಮ ಕಡೆ, ಅಂದರೆ ಮಂಗಳೂರಿನಿಂದ ಕುಂದಾಪುರದವರೆಗೆ, ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ, ಫೀಸು, ಹೊಸ ಅಂಗಿ ಎಲ್ಲ ಬಂದದ್ದು ಬೀಡಿಯ ಹಣದಿಂದ. ನಮ್ಮ ಮನೆಯೂ ಹಾಗೆಯೇ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಯಾವಾಗಾದ್ರೂ ಅದನ್ನ ಕಷ್ಟ ಅಂದದ್ದ್ ಕೇಂಡಿದ್ಯಾ ನೀನು?" ಅಂದಳು.

ಕೇಳಿರಲಿಲ್ಲ. ಅಮ್ಮ ಬೀಡಿಯ ಬಗ್ಗೆ ಮಾತಾಡಿದಾಗಲೆಲ್ಲ ಅದರಲ್ಲಿ ಹೆಮ್ಮೆಯೇ ಇರುತ್ತಿತ್ತು. ತನ್ನ ಕಟ್ಟು ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬಿಚ್ಚಿ ನೋಡುವುದೇ ಬೇಡ ಅನ್ನುತ್ತಿದ್ದರು ಅಂತ ಈಗಲೂ ಹೇಳುತ್ತಾಳೆ. ಬೀಡಿ ಕಟ್ಟುವುದು ಅಂದರೆ ಸುಮ್ಮನೆ ಸುರುಳಿ ಸುತ್ತುವುದಲ್ಲ. ಎಲೆಯನ್ನು ನೀರಿನಲ್ಲಿ ನೆನೆಸಬೇಕು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಹದಕ್ಕೆ ತರಬೇಕು. ಅಳತೆಯ ತಗಡು ಇಟ್ಟು ಕತ್ತರಿಯಲ್ಲಿ ಒಂದೇ ಗಾತ್ರಕ್ಕೆ ಕತ್ತರಿಸಬೇಕು. ಹೊಗೆಸೊಪ್ಪಿನ ಪುಡಿ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಸುತ್ತಿ, ತುದಿ ಮಡಚಿ, ನೂಲು ಸುತ್ತಿ, 25 ಬೀಡಿಯ ಕಟ್ಟು ಮಾಡಬೇಕು. ಬ್ರಾಂಚಿನಲ್ಲಿ ಸಡಿಲ ಕಂಡರೆ ವಾಪಸ್. ಎಲೆ ಅವರು ತೂಕ ಮಾಡಿ ಕೊಟ್ಟದ್ದು, ಹಾಳಾದರೆ ನಷ್ಟ ನಮ್ಮದೇ. ಇಷ್ಟೆಲ್ಲವನ್ನೂ ವರ್ಷಗಟ್ಟಲೆ ಚೆಂದ ಮಾಡಿದವಳಿಗೆ "ಪಾಪ, ಎಷ್ಟು ಕಷ್ಟಪಟ್ಟೆ" ಅಂತ ಬರೆದರೆ ಅವಳ ಕೆಲಸ ಚಿಕ್ಕದಾಗುತ್ತದೆ. ಅಮ್ಮಂದಿರಿಗೆ ಬರೆಯುವ ಸಂದೇಶಗಳಲ್ಲಿ ತ್ಯಾಗದ ಮಾತು ಯಾವಾಗಲೂ ಇರುತ್ತದೆ, ಕೈಗುಣದ ಮಾತು ಇರುವುದೇ ಇಲ್ಲ. ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸಿತು. ಆ ಮೂರು ವಾಕ್ಯವನ್ನೂ ಅಳಿಸಿದೆ.

ಹಾಗಾದರೆ ಬರೆಯುವುದೇನು? ಅಮ್ಮನ ಬಗ್ಗೆ ನೆನಪಾದದ್ದನ್ನೆಲ್ಲ ಒಂದರ ಕೆಳಗೆ ಒಂದು ಹಾಕುತ್ತ ಹೋದೆ. ಮೀನು ಸಾರಿನ ಮಣ್ಣಿನ ಮಡಕೆ. ನೆರೆ ಬಂದ ವರ್ಷ ಅಕ್ಕಿ ಮುಡಿಯನ್ನು ಅಟ್ಟಕ್ಕೆ ಹೊತ್ತು ಹಾಕಿದ್ದು. ನಾನು ಮೊದಲ ಸಂಬಳ ತಂದಾಗ ದೇವರ ಎದುರು ಇಟ್ಟು, ಸಂಜೆಗೆ ನನಗೇ ವಾಪಸ್ ಕೊಟ್ಟದ್ದು. ಹೀಗೆ ತುಂಬಾ ಇತ್ತು. ಎಲ್ಲವನ್ನೂ ಸೇರಿಸಿದರೆ ಅದು ಸನ್ಮಾನ ಪತ್ರ ಆಗುತ್ತದೆ. ಒಂದೇ ಒಂದು ಬೇಕಿತ್ತು. ಯಾವುದು ಆರಿಸುವುದು ಅಂತ ಬಂದಾಗ ನಾನು ನೋಡಿದ್ದು ಇಷ್ಟೇ. ಆ ಹೊತ್ತು ಅಲ್ಲಿ ನಾವಿಬ್ಬರೇ ಇದ್ದದ್ದು ಯಾವಾಗ? ನೆರೆಯ ಕಥೆ ಊರಿಗೇ ಗೊತ್ತು. ಸಂಬಳದ ಕಥೆಯನ್ನು ಅಮ್ಮನೇ ಎಲ್ಲರಿಗೂ ಹೇಳಿಯಾಗಿದೆ. ನಾನು ಹೇಳದಿದ್ದರೆ ಬೇರೆ ಯಾರೂ ಅಮ್ಮನಿಗೆ ನೆನಪಿಸಲಿಕ್ಕೆ ಇಲ್ಲದ ಸಂಗತಿ ಒಂದೇ ಉಳಿಯಿತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ಸಂಜೆ ಚಾವಡಿಯಲ್ಲಿ ಅಮ್ಮ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ನಾನು ಎದುರಿಗೆ ಕೂತು ಕನ್ನಡ ಪಾಠ ಗಟ್ಟಿಯಾಗಿ ಓದಬೇಕಿತ್ತು. ಅಮ್ಮ ಕಲಿತದ್ದು ಐದನೇ ಕ್ಲಾಸಿನವರೆಗೆ. ತಲೆ ಎತ್ತುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ಆದರೆ ಆಗಾಗ ಅವಳ ಕೈ ನಿಂತುಬಿಡುತ್ತಿತ್ತು. ಹೆಬ್ಬೆರಳು ಎಲೆಯ ಮೇಲೆ ಹಾಗೆಯೇ, ಅರ್ಧ ಸುತ್ತಿದ ಬೀಡಿ ಹಾಗೆಯೇ. ನಾನು ಎಲ್ಲೋ ತಪ್ಪು ಓದಿದ್ದೇನೆ ಅಂತ ಗೊತ್ತಾಗಿ ಆ ಸಾಲನ್ನು ಮತ್ತೊಮ್ಮೆ ಓದುತ್ತಿದ್ದೆ. ಕೈ ಮತ್ತೆ ಓಡುತ್ತಿತ್ತು.

ಇದನ್ನು ಬರೆಯಲಿಕ್ಕೆ ಹೊರಟಾಗ ನಮ್ಮ ಭಾಷೆಯದ್ದೇ ಒಂದು ತೊಡಕು ಎದುರಾಯಿತು. ಮನೆಯಲ್ಲಿ ನಾವು ಅಮ್ಮನಿಗೆ ನೀನು ಅನ್ನುವುದು. ಹಳೆಯ ಎರಡು ವಾಕ್ಯದಲ್ಲೂ ಆಮೇಲೆ ಅಳಿಸಿದ ಮೂರರಲ್ಲೂ ಅದು ಹೇಗೋ "ನೀವು" ಆಗಿತ್ತು. ಅದನ್ನು ಮೊದಲು ಸರಿ ಮಾಡಿದೆ. ಸರಿ ಮಾಡಿದ ಮೇಲೆ ನೋಡಿದರೆ "ಕಟ್ಟುತ್ತಿದ್ದೆ", "ಓದುತ್ತಿದ್ದೆ", "ಕೂರುತ್ತಿದ್ದೆ" ಅಂತ ಸಾಲು ಸಾಲು. ನಾನು ಮಾಡುತ್ತಿದ್ದೆ ಅಂದರೂ ಅದೇ, ನೀನು ಮಾಡುತ್ತಿದ್ದೆ ಅಂದರೂ ಅದೇ. ಬೀಡಿ ಕಟ್ಟಿದ್ದು ಯಾರು, ಪಾಠ ಓದಿದ್ದು ಯಾರು ಅಂತ ಗೊತ್ತೇ ಆಗುವುದಿಲ್ಲ. ಮಾತಿನಲ್ಲಿ ನಾವು ನಾನು ನೀನು ಬಿಟ್ಟೇ ಆಡುತ್ತೇವೆ, ಮುಖ ನೋಡಿ ಅರ್ಥ ಆಗುತ್ತದೆ. ಬರೆಯುವಾಗ ಹಾಗಾಗುವುದಿಲ್ಲ. ಗೊಂದಲ ಆಗುವ ಕಡೆಯಲ್ಲೆಲ್ಲ "ನೀನು", "ನಾನು" ತಿರುಗಿ ಸೇರಿಸಿದೆ. ಕೆಲವು ಕಡೆ ಕೆಲಸವನ್ನು ಕೈಗೇ ಕೊಟ್ಟೆ: "ನಿನ್ನ ಕೈ ನಿಂತರೆ", "ನಿನ್ನ ಕೈ ಓಡುತ್ತಿತ್ತು". ಆಗ ಸಾಲು ತಾನಾಗಿ ಸರಿಹೋಯಿತು. ಇದನ್ನು ಮಾಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಬರೆದದ್ದರಲ್ಲಿ ಮುಕ್ಕಾಲು ಭಾಗ ನಾನೇ ಇದ್ದೆ. ನನಗೆ ಹಾಗನ್ನಿಸಿತು, ನಾನು ಹೀಗಾದೆ ಅಂತ. ಹುಟ್ಟುಹಬ್ಬ ಅಮ್ಮನದ್ದು. ಅಮ್ಮ ಏನಾದರೂ ಮಾಡುವ ಸಾಲುಗಳನ್ನು ಉಳಿಸಿ, ನನ್ನ ಅನ್ನಿಸಿಕೆಗಳನ್ನು ತೆಗೆದೆ.

ಕುಂದಗನ್ನಡದಲ್ಲೇ ಬರೆಯುವ ಯೋಚನೆಯೂ ಬಂದಿತ್ತು. ನಾವು ಆಡುವುದು ಅದೇ ತಾನೆ. ಆದರೆ ಅಮ್ಮ ಓದುವುದು ಪೇಪರಿನ ಕನ್ನಡ. ಆಡುಮಾತನ್ನು ಅಕ್ಷರದಲ್ಲಿ ನೋಡಿದರೆ ಅವಳು ತಡವರಿಸುತ್ತಾಳೆ, ಒಂದೊಂದೇ ಅಕ್ಷರ ಕೂಡಿಸಬೇಕಾಗುತ್ತದೆ. ಅದಕ್ಕೆ ಸುಲಭದ ಬರಹದ ಕನ್ನಡವನ್ನೇ ಇಟ್ಟುಕೊಂಡೆ. "ಹೋಗುವ", "ಕೂರುವ" ಅಂತ ನಮ್ಮ ಕಡೆಯ ಒಂದೆರಡು ಕ್ರಿಯಾಪದ ಮಾತ್ರ ಬಿಟ್ಟುಕೊಂಡೆ.

ಅಮ್ಮನ ಕೈಗುಣದ ಬಗ್ಗೆ ಒಂದು ಸಾಲು ಬೇಕೇಬೇಕು ಅನ್ನಿಸಿತ್ತು. "ನಿನ್ನ ಒಂದು ಕಟ್ಟೂ ಬ್ರಾಂಚಿನಿಂದ ವಾಪಸ್ ಬರಲಿಲ್ಲ" ಅಂತ ಬರೆದು ಅಕ್ಕನಿಗೆ ಕಳಿಸಿದೆ. ಅವಳಿಂದ ಕೂಡಲೇ ಉತ್ತರ ಬಂತು. ಮಳೆಗಾಲದಲ್ಲಿ ಬರುತ್ತಿತ್ತು. ಬೀಡಿಗೆ ತಂಡಿ ಹಿಡಿದು ಬೂಸ್ಟು ಬರುತ್ತಿತ್ತು, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿದರೂ ಕೆಲವು ವಾಪಸ್ ಆಗುತ್ತಿದ್ದವು. ಅಕ್ಕ ದೊಡ್ಡವಳು, ಬ್ರಾಂಚಿಗೆ ಅಮ್ಮನ ಜೊತೆ ಹೋಗುತ್ತಿದ್ದದ್ದು ಅವಳು. ಇಂಥ ಸಂದೇಶದಲ್ಲಿ ಸ್ವಲ್ಪ ಹೆಚ್ಚಿಸಿ ಹೇಳಿದರೆ ತಪ್ಪೇನು ಅಂತ ಯಾರಾದರೂ ಕೇಳಬಹುದು. ನನಗೆ ತಪ್ಪೇ ಅನ್ನಿಸುತ್ತದೆ. ಆ ಕೆಲಸ ಮಾಡಿದವಳು ಅಮ್ಮ. ಒಂದು ಸಾಲು ಉಬ್ಬಿಸಿದ್ದು ಅಂತ ಅವಳಿಗೆ ಗೊತ್ತಾದರೆ, ಉಳಿದದ್ದೂ ಅಲಂಕಾರವೇ ಅಂತ ಆಗುತ್ತದೆ. "ಮಳೆಗಾಲ ಬಿಟ್ಟರೆ" ಅಂತ ಸೇರಿಸಿದೆ. ಸೇರಿಸಿದ ಮೇಲೆ ಸಾಲು ಇನ್ನೂ ಗಟ್ಟಿಯಾಯಿತು. ನೋಡಿದವರು ಮಾತ್ರ ಹೇಳಬಹುದಾದ ಮಾತು ಅದು.

ಇನ್ನು ಹಾರೈಕೆ. ಆಯುರಾರೋಗ್ಯ ಐಶ್ವರ್ಯ ಕೊಡುವುದು ದೇವರ ಕೈಯಲ್ಲಿರುವುದು. ನನ್ನ ಕೈಯಲ್ಲಿರುವುದು ಏನು ಅಂತ ಯೋಚಿಸಿದೆ. ಅಮ್ಮನಿಗೆ ಆಟ ಅಂದರೆ ಪ್ರಾಣ. ಯಕ್ಷಗಾನ ಅನ್ನುವುದಕ್ಕೆ ನಮ್ಮಲ್ಲಿ ಆಟ ಅಂತಲೇ ಹೇಳುವುದು. ಮಂದಾರ್ತಿ ನಮಗೆ ಹತ್ತಿರ, ಅಲ್ಲಿನ ಐದು ಮೇಳಗಳೂ ತಿರುಗಾಟಕ್ಕೆ ಹೊರಟರೆ ಆಸುಪಾಸಿನಲ್ಲಿ ಎಲ್ಲಾದರೂ ಹರಕೆ ಆಟ ಇದ್ದೇ ಇರುತ್ತದೆ. ಮೊದಲೆಲ್ಲ ಗದ್ದೆ ಅಂಚಿನಲ್ಲಿ ನಡೆದೇ ಹೋಗಿಬರುತ್ತಿದ್ದಳು. ಈಗ ಮೊಣಕಾಲು ನೋವು. ರಾತ್ರಿ ಕರೆದುಕೊಂಡು ಹೋಗುವವರು ಬೇಕು. ನಾನು ಊರಿಗೆ ಹೋದಾಗಲೆಲ್ಲ ಮರುದಿನ ಬೆಳಿಗ್ಗೆ ಕೆಲಸ ಅಂತ ಬೇಗ ವಾಪಸ್ ಹೊರಡುವುದು. ಹಾಗಾಗಿ ಹಾರೈಕೆಯ ಜಾಗದಲ್ಲಿ ಒಂದು ಆಟವನ್ನು ಇಟ್ಟೆ. "ಒಮ್ಮೆ ಆಟಕ್ಕೆ ಹೋಗುವ" ಅಂತ ಮೊದಲು ಬರೆದಿದ್ದೆ. ಅದು ಯಾವಾಗಲೂ ಹೇಳಿ ಬಿಡುವ ಮಾತು. ಎಲ್ಲಿಂದ ಎಲ್ಲಿಯವರೆಗೆ, ಅಂದರೆ ಆಟ ಶುರುವಾಗುವ ಮೊದಲಿನ ಚೌಕಿಪೂಜೆಯಿಂದ ಕೊನೆಯ ಮಂಗಳದವರೆಗೆ, ಮರುದಿನ ಏನು ಅಂತ ಬರೆದಾಗ ಅದು ನಿಜವಾದ ಮಾತಾಯಿತು. ಆಫೀಸಿನಲ್ಲಿ ರಜೆಯ ವಿಷಯ ಮೊದಲೇ ಹೇಳಿಟ್ಟೆ.

ಉದ್ದದ ಬಗ್ಗೆಯೂ ಎಚ್ಚರ ಬೇಕಿತ್ತು. ವಾಟ್ಸಾಪಿನಲ್ಲಿ ಮೆಸೇಜು ಜಾಸ್ತಿ ಉದ್ದ ಆದರೆ ಅರ್ಧಕ್ಕೆ ನಿಂತು, ಉಳಿದದ್ದನ್ನು ಒತ್ತಿ ತೆರೆಯಬೇಕಾಗುತ್ತದೆ. ಅಮ್ಮ ಅದನ್ನು ಒತ್ತುವುದಿಲ್ಲ. ಅಷ್ಟೇ ಇರುವುದು ಅಂದುಕೊಳ್ಳುತ್ತಾಳೆ. ಅವಳ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದೇನೆ, ಒಂದು ಪರದೆಯಲ್ಲಿ ಕೆಲವೇ ಸಾಲು ಹಿಡಿಯುತ್ತದೆ. ಹಾಗಾಗಿ ಸಣ್ಣ ಸಣ್ಣ ತುಂಡು ಮಾಡಿ, ನಡುವೆ ಒಂದು ಗೆರೆ ಜಾಗ ಬಿಟ್ಟೆ. ಆಮೇಲೆ ಮಹಡಿಯ ಮೇಲೆ ಹೋಗಿ ಗಟ್ಟಿಯಾಗಿ ಓದಿದೆ. ನಾಲಿಗೆ ತಡೆದ ಕಡೆ ಶಬ್ದ ಬದಲಿಸಿದೆ. "ಮಾರ್ಗದರ್ಶನ" ಅಂತ ಒಂದು ಶಬ್ದ ಎಲ್ಲಿಂದಲೋ ಬಂದು ಕೂತಿತ್ತು. ಅಮ್ಮನ ಎದುರು ನಾನು ಯಾವತ್ತೂ ಬಾಯಲ್ಲಿ ಆಡದ ಶಬ್ದ. ಅದನ್ನು ತೆಗೆದು "ಅದು ನೀನು ಕಲಿಸಿದ್ದು" ಅಂತ ಮಾಡಿದೆ.

ಕೊನೆಗೆ ಹೋದದ್ದು ಇದು:

"ಅಮ್ಮ, ಇವತ್ತಿಗೆ ನಿನಗೆ ಎಪ್ಪತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸಂಜೆ ನೀನು ಬೀಡಿ ಕಟ್ಟುತ್ತಿದ್ದೆ, ನಾನು ಎದುರು ಕೂತು ಪಾಠ ಓದುತ್ತಿದ್ದೆ. ನೀನು ಏನೂ ಹೇಳುತ್ತಿರಲಿಲ್ಲ. ನಿನ್ನ ಕೈ ನಿಂತರೆ ನಾನು ತಪ್ಪು ಓದಿದ್ದೇನೆ ಅಂತ ಗೊತ್ತಾಗುತ್ತಿತ್ತು. ನಾನು ತಿರುಗಿ ಓದಿದರೆ ನಿನ್ನ ಕೈ ಮತ್ತೆ ಓಡುತ್ತಿತ್ತು.

ಈಗಲೂ ಆಫೀಸಿನಲ್ಲಿ ಏನು ಬರೆದರೂ ಕಳಿಸುವ ಮೊದಲು ಒಮ್ಮೆ ಬಾಯಿಬಿಟ್ಟು ಓದುತ್ತೇನೆ. ಅದು ನೀನು ಕಲಿಸಿದ್ದು.

ಮಳೆಗಾಲ ಬಿಟ್ಟರೆ ನಿನ್ನ ಕಟ್ಟು ಬ್ರಾಂಚಿನಿಂದ ವಾಪಸ್ ಬಂದದ್ದಿಲ್ಲ. ಅಕ್ಕನೂ ಅದನ್ನೇ ಹೇಳುತ್ತಾಳೆ.

ಮೇಳ ಹೊರಟ ಮೇಲೆ ಮಂದಾರ್ತಿ ಮೇಳದ ಒಂದು ಆಟಕ್ಕೆ ನಾವಿಬ್ಬರೇ ಹೋಗುವ. ಚೌಕಿಪೂಜೆಗೆ ಮುಂಚೆಯೇ ಹೋಗಿ ಕೂರುವ. ಮಂಗಳ ಆಗದೆ ಏಳುವುದಿಲ್ಲ. ಮರುದಿನ ನನಗೆ ರಜೆ. ಯಾವ ಪ್ರಸಂಗ ಅಂತ ನೀನೇ ನೋಡಿ ಹೇಳು."

ಹಾರ್ದಿಕ ಶುಭಾಶಯಗಳು ಅನ್ನುವ ಸಾಲನ್ನು ನಾನು ಎಸೆಯಲಿಲ್ಲ. ಅದನ್ನು ಮನೆಯವರ ಗ್ರೂಪಿಗೆ ಹಾಕಿದೆ. ಅಲ್ಲಿ ಚಿಕ್ಕಮ್ಮಂದಿರು, ಮಾವಂದಿರು, ಅವರ ಮಕ್ಕಳು ಎಲ್ಲ ಇದ್ದಾರೆ. ಒಬ್ಬರು ಶುರು ಮಾಡಿದರೆ ಎಲ್ಲರೂ ಸೇರುತ್ತಾರೆ, ಅಮ್ಮನಿಗೆ ಅದೂ ಖುಷಿ. ಅಂಥ ಕಡೆ ಎಲ್ಲರಿಗೂ ಗೊತ್ತಿರುವ ಸಾಲೇ ಚೆಂದ. ಬೀಡಿಯ ವಿಷಯವನ್ನು ಗ್ರೂಪಿನಲ್ಲಿ ಹಾಕುವುದೋ ಬೇಡವೋ ಅಂತ ತೀರ್ಮಾನಿಸುವ ಹಕ್ಕು ಅಮ್ಮನದ್ದು. ನನ್ನದನ್ನು ಅವಳಿಗೆ ಮಾತ್ರ ಕಳಿಸಿದೆ, ಬೆಳಿಗ್ಗೆ ಚಾ ಕುಡಿದು ಕನ್ನಡಕ ಹಾಕಿ ಪೇಪರು ಹಿಡಿಯುವ ಹೊತ್ತು ನೋಡಿ.

ಎರಡು ನೀಲಿ ಗೆರೆ ಬಿದ್ದ ಮೇಲೂ ತುಂಬಾ ಹೊತ್ತು ಏನೂ ಬರಲಿಲ್ಲ. ಆಫೀಸಿಗೆ ಹೊರಡುವ ಹೊತ್ತಿಗೆ ಫೋನ್ ಬಂತು. "ಚಾ ಕುಡದ್ಯಾ ಮಗಾ?" ಅಂತ ಯಾವಾಗಿನ ಹಾಗೆ ಶುರು ಮಾಡಿದಳು. ಆಮೇಲೆ ಅಂದಳು, "ನೀ ಬರೆದದ್ದ್ ಓದ್ದೆ. ಆದ್ರೆ ನೀ ತಪ್ಪ್ ಓದಿದ್ದಕ್ಕಲ್ಲ ನಾ ಕೈ ನಿಲ್ಸ್ತಿದ್ದದ್ದ್. ನಂಗ್ ಅರ್ಥ ಆಗ್ದಿದ್ರೆ ನಿಲ್ಸ್ತಿದ್ದೆ. ನಿಲ್ಸಿದ್ರೆ ನೀ ಇನ್ನೊಂದ್ ಸಲ ಓದ್ತಿದ್ದೆ ಅಲ್ದಾ?"

ನನಗೆ ಏನು ಹೇಳಬೇಕು ಅಂತಲೇ ತಿಳಿಯಲಿಲ್ಲ. ಇಷ್ಟು ವರ್ಷ ಆ ಚಾವಡಿಯಲ್ಲಿ ಪಾಠ ಕಲಿಯುತ್ತಿದ್ದವನು ನಾನೊಬ್ಬನೇ ಅಂದುಕೊಂಡಿದ್ದೆ. ಹಳೆಯ ಸಾಲನ್ನೇ ಕಳಿಸಿದ್ದರೆ ಅಮ್ಮ ಈ ಮಾತನ್ನು ಯಾವತ್ತೂ ಹೇಳುತ್ತಿರಲಿಲ್ಲ, ಯಾಕೆಂದರೆ ಹೇಳಲಿಕ್ಕೆ ಒಂದು ಹಿಡಿಕೆಯೇ ಇರುತ್ತಿರಲಿಲ್ಲ. ಯಾವ ಪಾಠ ನೆನಪಿದೆ ಅಂತ ಕೇಳಿದೆ. ಪಾಠಗಳು ಮರೆತಿವೆ, ಪದ್ಯಗಳು ಇವೆ ಅಂದಳು. ಒಂದರ ಎರಡು ಸಾಲು ಫೋನಿನಲ್ಲೇ ಹೇಳಿದಳು. ನನಗೆ ಅದು ನೆನಪೇ ಇರಲಿಲ್ಲ.

ಆಮೇಲೆ ಮಾತು ಆಟದ ಕಡೆ ಹೋಯಿತು. ಅಕ್ಕನಿಗೂ ಬರಬೇಕಂತೆ, ಹಾಗಾಗಿ ನಾವಿಬ್ಬರೇ ಅಲ್ಲ, ಮೂವರು. ಹಿಂದೆ ಒರಗುವ ಹಾಗಿರುವ ಕುರ್ಚಿ ಮನೆಯಿಂದಲೇ ತೆಗೆದುಕೊಂಡು ಹೋಗಬೇಕು. ಪ್ರಸಂಗ ಯಾವುದಾದರೂ ಆದೀತು, ಆದರೆ ದೇವಿಮಹಾತ್ಮೆ ಸಿಕ್ಕಿದರೆ ಒಳ್ಳೆಯದು. ಮತ್ತೆ ನಾನು ಅಲ್ಲಿ ಕೂತು ಫೋನ್ ನೋಡಬಾರದು.